ನೂರಾ ಹತ್ತು ಓಮ್‌ನ ಪೆಟ್ಟಿಗೆ

ಪುಣೆಯ ಚಾಕಣದ ನಮ್ಮ ಕಾರ್ಖಾನೆಯಲ್ಲಿ 11 ಕೆವಿ ಡೀಸೆಲ್ ಜನರೇಟರಿನ ನ್ಯೂಟ್ರಲ್ ಅರ್ಥಿಂಗ್ ರೆಸಿಸ್ಟರ್ ಸುಟ್ಟುಹೋಯಿತು. ಲೆಕ್ಕ ತಪ್ಪಿದವನು ನಾನೇ. ಅದೇ ಕೆಲಸಕ್ಕೆ ಕೈಹಾಕುವವರು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ.

ಜನರೇಟರ್ 2000 ಕೆವಿಎ, ಪೂರ್ಣ ಲೋಡಿಗೆ ಸುಮಾರು 105 ಆಂಪಿಯರ್. ಈ ರೆಸಿಸ್ಟರಿನಿಂದ ಭೂದೋಷದ ಕರೆಂಟನ್ನು 100 ಆಂಪಿಯರಿಗೆ ಮಿತಿಗೊಳಿಸೋಣ ಎಂದು ತೀರ್ಮಾನವಾಯಿತು. ನಾನು 11000ವನ್ನು 100ರಿಂದ ಭಾಗಿಸಿ 110 ಓಮ್ ಎಂದು ಬರೆದು ಖರೀದಿ ವಿಭಾಗಕ್ಕೆ ಕಳುಹಿಸಿದೆ. ತಯಾರಕರು ಕೇಳಿದ್ದನ್ನೇ ಮಾಡಿಕೊಟ್ಟರು: 110 ಓಮ್, 100 ಆಂಪಿಯರ್, 10 ಸೆಕೆಂಡು.

ಒಂದು ಫೇಸ್ ನೆಲಕ್ಕೆ ತಗುಲಿದಾಗ ಆ ರೆಸಿಸ್ಟರಿನ ಮೇಲೆ ಬೀಳುವುದು ಫೇಸ್ ಮತ್ತು ನ್ಯೂಟ್ರಲ್ ನಡುವಿನ ವೋಲ್ಟೇಜ್, ಅಂದರೆ 6350 ವೋಲ್ಟ್. ಎರಡು ಫೇಸ್‌ಗಳ ನಡುವಿನ 11000 ಅಲ್ಲ. ಹಾಗಾಗಿ ಬೇಕಿದ್ದದ್ದು:

R = 11000 / (√3 × 100) = 63.5 Ω

ನನ್ನ 110 ಓಮ್‌ನಲ್ಲಿ ದೋಷದ ಕರೆಂಟ್ 58 ಆಂಪಿಯರ್ ದಾಟಲು ಸಾಧ್ಯವೇ ಇರಲಿಲ್ಲ. ಕಡಿಮೆಯಾದರೆ ಒಳ್ಳೆಯದೇ ಅಲ್ಲವೇ ಎಂದು ನಮ್ಮ ಮ್ಯಾನೇಜರ್ ಆಮೇಲೆ ಕೇಳಿದರು. ತೊಂದರೆ ಇದ್ದದ್ದು ದೋಷ ಕಂಡರೆ ಬ್ರೇಕರ್ ಬೀಳಿಸುವ ರಿಲೇಯಲ್ಲಿ. ಫೀಡರಿನ ಕರೆಂಟ್ ಟ್ರಾನ್ಸ್‌ಫಾರ್ಮರ್, ಅಂದರೆ ಸಿಟಿ, 300/1, ಭೂದೋಷದ ಸೆಟ್ಟಿಂಗ್ ಶೇ. 20, ಅಂದರೆ 60 ಆಂಪಿಯರ್. ನೂರು ಬರುತ್ತದೆಂದು ನಂಬಿ ಇಟ್ಟ ಸೆಟ್ಟಿಂಗ್ ಅದು. ಬಂದದ್ದು 58! ನ್ಯೂಟ್ರಲ್‌ನಲ್ಲಿದ್ದ ಸಿಟಿಯ ತಂತಿಗಳನ್ನು ರಿಲೇಗೆ ಜೋಡಿಸುವುದನ್ನು ನಾವು «ಮುಂದಿನ ವಾರ» ಎನ್ನುತ್ತಲೇ ಇದ್ದೆವು.

ಜುಲೈ ಮಳೆಯಲ್ಲಿ ಒಂದು ಕೇಬಲ್ ಟರ್ಮಿನೇಷನ್‌ಗೆ ನೀರು ಇಳಿಯಿತು. ರಾತ್ರಿ ಪಾಳಿಯ ಬಾಗಲಕೋಟೆಯ ಎಲೆಕ್ಟ್ರಿಷಿಯನ್ ಫೋನ್ ಮಾಡಿ, «ಸಾಹೇಬರೇ, ಹೊರಗಿನ ಪೆಟ್ಟಿಗೆಯ ಜಾಲರಿಯೊಳಗೆ ಕೆಂಪು ಕಾಣಿಸುತ್ತಿದೆ, ಕಬ್ಬಿಣ ಕಾದ ವಾಸನೆ» ಎಂದ. ನಿಲ್ಲಿಸು ಎಂದೆ. ಅಷ್ಟರಲ್ಲಿ ಮೂರು ನಾಲ್ಕು ನಿಮಿಷ ಕಳೆದಿತ್ತು. 58 ಆಂಪಿಯರಿಗೆ ಆ ಪೆಟ್ಟಿಗೆ ಸುಮಾರು ಅರ್ಧ ನಿಮಿಷ ತಾಳುವಂಥದ್ದು. ಮುಚ್ಚಳ ತೆಗೆದಾಗ ಉಕ್ಕಿನ ಗ್ರಿಡ್‌ಗಳು ಒಣಗಲು ಹಾಕಿದ ಬಟ್ಟೆಯಂತೆ ಜೋತುಬಿದ್ದಿದ್ದವು, ಪಿಂಗಾಣಿ ಇನ್ಸುಲೇಟರ್‌ಗಳು ಬಿರಿದಿದ್ದವು. ಆ ಹೊತ್ತಿನಲ್ಲಿ ಉಳಿದೆರಡು ಫೇಸ್‌ಗಳು ನೆಲಕ್ಕೆ ಹೋಲಿಸಿದರೆ 11 ಕೆವಿ ಸಮೀಪ ಏರಿದ್ದರಿಂದ ಮಿಕ್ಕ ಕೇಬಲ್‌ಗಳನ್ನೂ ಮತ್ತೆ ಪರೀಕ್ಷಿಸಬೇಕಾಯಿತು.

ನಾಮಫಲಕದಲ್ಲಿ 110 ಓಮ್ ಎಂದು ಕೊರೆದೇ ಇತ್ತು. ಕಮಿಷನಿಂಗ್ ದಿನ ಮಲ್ಟಿಮೀಟರಿನಲ್ಲೂ ಅಷ್ಟೇ ತೋರಿಸಿತ್ತು, ಆರ್ಡರಿಗೆ ಸರಿಯಾಗಿದೆ ಎಂದು ನಾನೇ ಸಹಿ ಹಾಕಿದ್ದೆ. ಆ ಅಂಕಿಯಿಂದ 6350ನ್ನು ಭಾಗಿಸಿ ನೋಡಿದ್ದರೆ ಅರ್ಧ ನಿಮಿಷದ ಕೆಲಸ.

ಈಗ ಇರುವುದು 63.5 ಓಮ್. ಫೀಡರಿಗೆ ಮೂರೂ ಕೋರ್‌ಗಳನ್ನು ಸುತ್ತುವ 50/1 ಸಿಟಿ, ಸೆಟ್ಟಿಂಗ್ 10 ಆಂಪಿಯರ್. ನ್ಯೂಟ್ರಲ್ ಸಿಟಿಯನ್ನೂ ರಿಲೇಗೆ ಜೋಡಿಸಿದ್ದೇವೆ. ಅದರ ಮೂಲಕ ಪರೀಕ್ಷಾ ಕರೆಂಟ್ ಹರಿಸಿ ಬ್ರೇಕರ್ ಬಿದ್ದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಈ ಸಲ ಸಹಿ ಹಾಕಿದೆ.