ನಾಲ್ಕು ವರ್ಷ ಬಳಸಿದ ಸಿವಿಲ್ ಪುಸ್ತಕಗಳು ಮಾರಾಟಕ್ಕಿವೆ, ಇದ್ದದ್ದು ಇದ್ದ ಹಾಗೆ ಹೇಳಿ ಕೊಡುತ್ತೇನೆ

ಹುಬ್ಬಳ್ಳಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಕೊನೆಯ ಸೆಮಿಸ್ಟರ್ ಓದುತ್ತಿದ್ದೇನೆ. ಮುಂದಿನ ತಿಂಗಳು ವಿದ್ಯಾನಗರದ ರೂಮು ಖಾಲಿ ಮಾಡಬೇಕು. ಅದಕ್ಕೇ ಪುಸ್ತಕ ಮಾರುತ್ತಿದ್ದೇನೆ. ಆದರೆ ಒಂದೊಂದನ್ನೂ ಎಷ್ಟು ಬಳಸಿದೆ, ಯಾವುದು ಈಗ ಕೆಲಸಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಅನ್ನೋದನ್ನು ಮೊದಲೇ ಹೇಳಿಬಿಡುತ್ತೇನೆ.

ಮೊದಲು ಕಾಂಕ್ರೀಟ್ ಟೆಕ್ನಾಲಜಿ. ಬೆಲೆ 60 ರೂಪಾಯಿ ಮಾತ್ರ. ಹಾಳೆ ಗಟ್ಟಿ ಇವೆ, ರಟ್ಟು ಚೆನ್ನಾಗಿದೆ. ಬೆಲೆ ಇಳಿಸಿದ್ದಕ್ಕೆ ಕಾರಣ ಮಿಕ್ಸ್ ಡಿಸೈನ್ ಪಾಠ. ಅದು ಐಎಸ್ 10262ರ 2009ರ ಆವೃತ್ತಿ ಪ್ರಕಾರ ಇದೆ. ಈ ಕೋಡ್ 2019ರಲ್ಲಿ ಬದಲಾಗಿದೆ. ನನಗೆ ಇದು ಗೊತ್ತಾದದ್ದು ಲ್ಯಾಬಿನಲ್ಲಿ. ಎಂ25 ಕಾಂಕ್ರೀಟು, 20 ಮಿ.ಮೀ. ಜಲ್ಲಿ. ಒಂದು ಘನ ಮೀಟರಿಗೆ ನೀರು 186 ಕೆ.ಜಿ., ನೀರು-ಸಿಮೆಂಟ್ ಅನುಪಾತ 0.5, ಅಂದರೆ ಸಿಮೆಂಟು 372 ಕೆ.ಜಿ. ಇಲ್ಲಿಯವರೆಗೆ ನನ್ನ ಲೆಕ್ಕ ಗೆಳೆಯನ ಲೆಕ್ಕಕ್ಕೆ ಸರಿಯಾಗಿ ಕೂಡಿತು. ಟಾರ್ಗೆಟ್ ಸ್ಟ್ರೆಂತ್ ಕೂಡ ಇಬ್ಬರದ್ದೂ 31.6 ಬಂತು. ಆಮೇಲೆ ಜಲ್ಲಿ-ಮರಳಿನ ಪಾಲು ತೆಗೆಯುವಾಗ ನನ್ನದು ಜಾಸ್ತಿ ಬಂತು. ಎರಡು ಸಲ ಕೂಡಿಸಿ ನೋಡಿದೆ, ಕೂಡಿಸುವುದರಲ್ಲಿ ತಪ್ಪಿರಲಿಲ್ಲ. ನನ್ನ ಪುಸ್ತಕ ಸಿಮೆಂಟು, ನೀರು ಮಾತ್ರ ಕಳೆದು ಉಳಿದ 0.696 ಘನ ಮೀಟರ್ ಪೂರ್ತಿ ಜಲ್ಲಿ, ಮರಳು ಅನ್ನುತ್ತದೆ. ಹೊಸ ಕೋಡು ಒಳಗೆ ಸಿಕ್ಕಿಕೊಳ್ಳುವ ಗಾಳಿಯನ್ನೂ ಕಳೆಯಿರಿ ಅನ್ನುತ್ತದೆ. 20 ಮಿ.ಮೀ. ಜಲ್ಲಿಗೆ ಅದು ಶೇಕಡಾ 1. ಹಾಗಾಗಿ ಉಳಿಯುವುದು 0.686. ಜಲ್ಲಿ-ಮರಳಿನ ಸ್ಪೆಸಿಫಿಕ್ ಗ್ರಾವಿಟಿ 2.7 ಹಿಡಿದರೆ ಘನ ಮೀಟರಿಗೆ 27 ಕೆ.ಜಿ. ವ್ಯತ್ಯಾಸ. ನೋಡಲು ಸಣ್ಣದು, ಆದರೆ ಉತ್ತರ ಪತ್ರಿಕೆಯಲ್ಲಿ ಅಲ್ಲಿಂದ ಮುಂದಿನ ಪ್ರತಿ ಸಾಲೂ ತಪ್ಪಾಗುತ್ತದೆ. ಉಳಿದ ಪಾಠಗಳಿಗೆ, ಅಂದರೆ ಸಿಮೆಂಟಿನ ಪರೀಕ್ಷೆ, ಸ್ಲಂಪ್, ಕ್ಯೂರಿಂಗ್ ಇವಕ್ಕೆ ಈ ಪುಸ್ತಕ ನನಗೆ ಬಹಳ ಉಪಯೋಗವಾಯಿತು. ಮಿಕ್ಸ್ ಡಿಸೈನಿಗೆ ಮಾತ್ರ ಇದನ್ನು ನಂಬಬೇಡಿ.

ಸ್ಟೀಲ್ ಡಿಸೈನ್ ಪುಸ್ತಕ ಐಎಸ್ 800ರ 2007ರ ಆವೃತ್ತಿ ಅನುಸರಿಸಿದೆ, ಧೈರ್ಯವಾಗಿ ತೆಗೆದುಕೊಳ್ಳಿ. 220 ರೂಪಾಯಿ. ಬೇರೆ ಕಡೆ ಅಗ್ಗಕ್ಕೆ ಸಿಕ್ಕಿತು ಅಂತ 1984ರ ಕೋಡಿನ ಪುಸ್ತಕ ಕೊಳ್ಳಬೇಡಿ, ಅದರಲ್ಲಿ ಲೆಕ್ಕ ಮಾಡುವ ಕ್ರಮವೇ ಬೇರೆ.

ಐಎಸ್ 456 ಕೋಡ್ ಪುಸ್ತಕ ಎರಡು ಇವೆ. ಒಂದರಲ್ಲಿ ನಾನು ಪೆನ್ನಿನಿಂದ ಅಂಚಿನ ತುಂಬ ಬರೆದಿದ್ದೇನೆ. ಅದು ಓದಿಗೆ ಒಳ್ಳೆಯದು, ಪರೀಕ್ಷೆ ಕೋಣೆಗೆ ಒಯ್ದರೆ ಮಾಲ್‌ಪ್ರಾಕ್ಟೀಸ್ ಅಂತ ಹಿಡಿಯುತ್ತಾರೆ. ಅದನ್ನು ಇನ್ನೊಂದರ ಜೊತೆ ಸುಮ್ನೆ ಕೊಡುತ್ತೇನೆ. ಆ ಇನ್ನೊಂದರಲ್ಲಿ ಒಂದು ಅಕ್ಷರವೂ ಬರೆದಿಲ್ಲ, ಬೆಲೆ 150. ಅದರ 73ನೇ ಪುಟ ಮತ್ತು 91ನೇ ಪುಟ ಮಾತ್ರ ಕೈ ತಾಗಿ ತಾಗಿ ಕಪ್ಪಾಗಿವೆ. ಮೊದಲನೆಯದು ಶಿಯರ್ ಟೇಬಲ್, ಎರಡನೆಯದು ಸ್ಲ್ಯಾಬ್ ಟೇಬಲ್. ಆರ್‌ಸಿಸಿ ಓದಿದವರಿಗೆ ಯಾಕೆ ಅಂತ ಗೊತ್ತು, ಅಲ್ವಾ? ಅಂಕಿಗಳು ಸ್ಪಷ್ಟವಾಗಿ ಕಾಣುತ್ತವೆ. ಸ್ಟೀಲ್ ಟೇಬಲ್ ಕೂಡ ಸ್ವಚ್ಛ ಇದೆ, 50 ರೂಪಾಯಿ.

ಸರ್ವೇಯಿಂಗ್ ಎರಡು ಭಾಗ ಸೇರಿ 200. ಇದನ್ನು ನಾನೂ ಹಳೇ ಪುಸ್ತಕವಾಗಿಯೇ ಕೊಂಡಿದ್ದೆ. ಮನೆಗೆ ಬಂದ ಮೇಲೆ ಮೊದಲ ಭಾಗದಲ್ಲಿ ಒಂದು ಫಾರಂ, ಅಂದರೆ ಸಾಲಾಗಿ 16 ಪುಟ ಇಲ್ಲದ್ದು ತಿಳಿಯಿತು. ಮಾರಿದವರು ಹೇಳಿರಲಿಲ್ಲ, ನನಗೆ ಬಹಳ ಬೇಜಾರಾಗಿತ್ತು. ಕಾಂಟೂರಿಂಗ್ ಪಾಠದ ಆ ಪುಟಗಳನ್ನು ಲೈಬ್ರರಿ ಪ್ರತಿಯಿಂದ ಜೆರಾಕ್ಸ್ ಮಾಡಿಸಿ ಒಳಗೆ ಅಂಟಿಸಿದ್ದೇನೆ. ನೀವು ಯಾರ ಹತ್ತಿರ ಹಳೇ ಪುಸ್ತಕ ಕೊಂಡರೂ ನಡುವೆ ಅಗಲ ಮಾಡಿ ಹೊಲಿಗೆ ನೋಡಿ. ದಾರ ಸಡಿಲ ಇದ್ದ ಕಡೆ ಪುಟದ ಸಂಖ್ಯೆ ಓದಿ. ಫಾರಂ ಉದುರಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಗಣಿತದ ದಪ್ಪ ಪುಸ್ತಕ 250. ಬೆನ್ನು ಬಿಟ್ಟಿತ್ತು, ಬೈಂಡ್ ಮಾಡಿಸಿದ್ದೇನೆ. ಸ್ಟ್ರೆಂತ್ ಆಫ್ ಮಟೀರಿಯಲ್ಸ್ 180. ಅದರಲ್ಲಿ ಬಾಗುವಿಕೆಯ ಪಾಠದ ಮೇಲೆ ಹಳದಿ ಹೈಲೈಟರ್ ಜಾಸ್ತಿ ಇದೆ. ಲೇಖಕರು, ಆವೃತ್ತಿ, ಕಲೆ ಬಿದ್ದ ಪುಟ ಎಲ್ಲವೂ ಕಾಣುವ ಫೋಟೋ ಕೇಳಿದವರಿಗೆ ಕಳಿಸುತ್ತೇನೆ.

ಪುಸ್ತಕ ಕೈಗೆ ಕೊಡುತ್ತೇನೆ, ಕೊರಿಯರ್ ಇಲ್ಲ. ಭಾರ ಜಾಸ್ತಿ, ಅಷ್ಟು ಖರ್ಚಿಗೆ ಅರ್ಥವಿಲ್ಲ. ಹುಬ್ಬಳ್ಳಿಯವರು ವಾರದ ದಿನ ಸಂಜೆ 5ರ ನಂತರ ವಿದ್ಯಾನಗರದ ಚಿಗರಿ ಬಸ್ ನಿಲ್ದಾಣದ ಹತ್ತಿರ ಬನ್ನಿ. ನಿಲ್ದಾಣದ ಒಳಗೆ ಬೇಡ, ಟಿಕೆಟ್ ಬೇಕಾಗುತ್ತದೆ, ಹೊರಗೆ ರಸ್ತೆ ಬದಿಗೇ ನಿಂತಿರುತ್ತೇನೆ. ಧಾರವಾಡದವರಿಗೆ ಬುಧವಾರ ಜ್ಯುಬಿಲಿ ಸರ್ಕಲ್ಲಿಗೆ ತಂದುಕೊಡುತ್ತೇನೆ. ನನ್ನ ಊರು ಗದಗ, ಶನಿವಾರ ಹೋಗುತ್ತೇನೆ, ಅಲ್ಲಿಯ ತಮ್ಮ ತಂಗಿಯರು ರೈಲ್ವೆ ಸ್ಟೇಷನ್ ಮುಂದೆ ತೆಗೆದುಕೊಳ್ಳಬಹುದು. ಹತ್ತು ನಿಮಿಷ ನಿಂತು ಪುಟ ತಿರುವಿ ನೋಡಿ, ಒಪ್ಪಿಗೆಯಾದರೆ ಮಾತ್ರ ದುಡ್ಡು ಕೊಡಿ. ಮುಂಗಡ ಬೇಡ. ಎರಡನೇ ವರ್ಷದವರು ಸರ್ವೇಯಿಂಗ್, ಸ್ಟ್ರೆಂತ್ ಆಫ್ ಮಟೀರಿಯಲ್ಸ್ ಎರಡೂ ಒಟ್ಟಿಗೆ ಒಯ್ದರೆ 330ಕ್ಕೆ ಕೊಡುತ್ತೇನೆ, ಬರುವಾಗ ಗಟ್ಟಿ ಚೀಲ ತನ್ನಿ.