ಬರೀ ಟ್ಯೂನಾ ತಿಂದ ಬೆಕ್ಕಿನ ಕುತ್ತಿಗೆ ಬಾಗಿದ್ದೇಕೆ?

ಮಲ್ಲೇಶ್ವರದ ನಮ್ಮ ಅತ್ತಿಗೆಯ ಮನೆಯ ಬೆಕ್ಕು ಚಿನ್ನು ಸಾವಿನ ಹತ್ತಿರಕ್ಕೆ ಹೋಗಿ ಬಂದ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲಿ ಬೆಕ್ಕು ಸಾಕಿರುವ ಅನೇಕ ಮನೆಗಳಲ್ಲಿ ಇದೇ ಊಟದ ಕ್ರಮ ನಡೆಯುತ್ತಿರುವುದನ್ನು ನಾನು ಕಂಡಿದ್ದೇನೆ. ಆ ಮನೆಗಳವರು ಕಾಯಿಲೆ ಬರುವ ಮೊದಲೇ ಇದನ್ನು ಓದಲಿ ಎಂಬುದು ನನ್ನ ಆಸೆ.

ಅತ್ತಿಗೆಯದು ಸಸ್ಯಾಹಾರಿ ಮನೆ. ಬೆಕ್ಕಿನ ಮರಿಯನ್ನು ಮಾರಿದವನು "ಇದಕ್ಕೆ ಮೀನು ಬಿಟ್ಟು ಬೇರೇನೂ ಬೇಡ ಅಮ್ಮ, ಮೀನು ತಿಂದರೆ ಕೂದಲು ಫಳಫಳ ಹೊಳೆಯುತ್ತದೆ" ಎಂದು ಹೇಳಿ ಕಳುಹಿಸಿದ್ದ. ಅಡುಗೆಮನೆಯಲ್ಲಿ ಮೀನು ಬೇಯಿಸುವಂತಿರಲಿಲ್ಲವಾದ್ದರಿಂದ, ಮನುಷ್ಯರ ಊಟಕ್ಕೆಂದು ಸೂಪರ್ ಮಾರ್ಕೆಟಿನಲ್ಲಿ ಸಿಗುವ ಟ್ಯೂನಾ ಡಬ್ಬಿಯನ್ನು ಬಾಲ್ಕನಿಯಲ್ಲಿ ತೆರೆದು ಹಾಕುವ ಪದ್ಧತಿ ಬೆಳೆಯಿತು. ಕೆಲವು ತಿಂಗಳುಗಳಲ್ಲಿ ಚಿನ್ನು ಬೇರೆ ಯಾವ ಆಹಾರವನ್ನೂ ಮೂಸಿಯೂ ನೋಡದಂತಾಯಿತು. ಡಬ್ಬಿಯ ಬೆಲೆ ಭಾರವೆನಿಸಿದಾಗ, ಮೀನಿನ ಅಂಗಡಿಯಿಂದ ತಲೆ, ಕರುಳು, ಚೂರುಪಾರು ಮಾಂಸವನ್ನು ಪೊಟ್ಟಣ ಕಟ್ಟಿಸಿ ತಂದು ಹಸಿಯಾಗಿಯೇ ಕೊಡತೊಡಗಿದರು. ಆಗಲೂ ಬೆಕ್ಕು ಗೆಲುವಾಗಿಯೇ ಕಾಣುತ್ತಿತ್ತು, ಮೈಯೂ ತುಂಬಿಕೊಂಡಿತ್ತು.

ಹಸಿ ಮೀನು ಶುರುವಾಗಿ ಹೆಚ್ಚು ಕಾಲ ಕಳೆಯುವ ಮೊದಲೇ ಅದು ಊಟ ಬಿಡತೊಡಗಿತು. ತಟ್ಟೆಯ ಬಳಿ ಬರುತ್ತಿತ್ತು, ತಿನ್ನಬೇಕೆಂಬ ಆಸೆಯೂ ಇದ್ದಂತಿತ್ತು, ಆದರೆ ಬಾಯಿ ಹಾಕದೆ ಜೊಲ್ಲು ಸುರಿಸುತ್ತ ಹಿಂದೆ ಸರಿಯುತ್ತಿತ್ತು. ಒಂದೆರಡು ಬಾರಿ ವಾಂತಿಯೂ ಆಯಿತು. ಮೊದಲು ತೋರಿಸಿದ ಚಿಕಿತ್ಸಾಲಯದಲ್ಲಿ ಹೊಟ್ಟೆಯ ತೊಂದರೆ ಎಂದು ವಾಂತಿ ನಿಲ್ಲುವ ಚುಚ್ಚುಮದ್ದು ಕೊಟ್ಟು ಕಳುಹಿಸಿದರು. ಬೆಕ್ಕು ಏನು ತಿನ್ನುತ್ತದೆ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಆ ಪ್ರಶ್ನೆ ಅಂದೇ ಬಂದಿದ್ದರೆ ಮುಂದಿನದು ಬಹುಶಃ ನಡೆಯುತ್ತಿರಲಿಲ್ಲ ಎಂದು ನನಗೆ ಈಗಲೂ ಅನಿಸುತ್ತದೆ, ಏಕೆಂದರೆ ಈ ಕಾಯಿಲೆಯ ಮೊದಲ ಹಂತದಲ್ಲಿ ಊಟದ ವಿವರವನ್ನು ಬಿಟ್ಟರೆ ಬೇರೆ ಸುಳಿವೇ ಸಿಗುವುದಿಲ್ಲ.

ನಂತರದ ಲಕ್ಷಣಗಳು ನರಮಂಡಲದವು. ಚಿನ್ನು ಕುಡಿದವರಂತೆ ತೂರಾಡುತ್ತ ನಡೆಯತೊಡಗಿತು, ಸೋಫಾದ ಮೇಲೆ ಹಾರಲು ಹೋಗಿ ಅಂದಾಜು ತಪ್ಪಿ ಬೀಳುತ್ತಿತ್ತು. ಕಣ್ಣಿನ ಪಾಪೆಗಳು ಹಗಲಿನ ಬೆಳಕಿನಲ್ಲಿಯೂ ದೊಡ್ಡದಾಗಿ ತೆರೆದೇ ಇದ್ದವು. ಎಲ್ಲಕ್ಕಿಂತ ವಿಚಿತ್ರವಾಗಿ ಕಂಡದ್ದು ಅದರ ಕುತ್ತಿಗೆ: ಗದ್ದ ಎದೆಗೆ ತಾಗುವಷ್ಟು ತಲೆ ಕೆಳಕ್ಕೆ ಬಾಗಿತ್ತು, ಮೇಲೆತ್ತಿ ನೋಡಲು ಅದಕ್ಕೆ ಸಾಧ್ಯವೇ ಆಗುತ್ತಿರಲಿಲ್ಲ. ಕೈಯಲ್ಲಿ ಎತ್ತಿದರೆ ಇಡೀ ದೇಹ ಮುಂದಕ್ಕೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಆ ರಾತ್ರಿ ಫಿಟ್ಸ್ ಬಂದಾಗ ಅತ್ತಿಗೆ ನನಗೆ ಫೋನ್ ಮಾಡಿದರು, ಹೆಬ್ಬಾಳದ ಕಡೆಯಲ್ಲಿರುವ ಒಬ್ಬ ಪಶುವೈದ್ಯೆಯ ಬಳಿಗೆ ಇಬ್ಬರೂ ಅದನ್ನು ಕರೆದೊಯ್ದೆವು.

ಅವರು ಬೆಕ್ಕನ್ನು ಮೇಜಿನ ಮೇಲೆ ನಿಲ್ಲಿಸಿದವರೇ "ಇದಕ್ಕೆ ದಿನವೂ ಏನು ಹಾಕುತ್ತೀರಿ, ಹಸಿಯೋ ಬೇಯಿಸಿದ್ದೋ?" ಎಂದು ಕೇಳಿದರು. ಅತ್ತಿಗೆ ಹೇಳಿ ಮುಗಿಸುವಷ್ಟರಲ್ಲಿ ಸಹಾಯಕರಿಗೆ ಥಯಾಮಿನ್ ಚುಚ್ಚುಮದ್ದು ಸಿದ್ಧಪಡಿಸಲು ಹೇಳಿದ್ದರು. ಥಯಾಮಿನ್ ಎಂದರೆ ಬಿ1 ಜೀವಸತ್ವ. ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆಯಾದಾಗಲೂ ಬೆಕ್ಕಿನ ಕುತ್ತಿಗೆ ಹೀಗೆಯೇ ಬಾಗುತ್ತದೆ, ಕೆಲವು ಕೀಟನಾಶಕಗಳ ವಿಷದಿಂದಲೂ ಬಾಗಬಹುದು, ಆದ್ದರಿಂದ ರಕ್ತ ಪರೀಕ್ಷೆಗೂ ಕೊಟ್ಟರು. ಆದರೆ ವರದಿಗಾಗಿ ಕಾಯಲಿಲ್ಲ. ಥಯಾಮಿನ್ ಕೊರತೆಯನ್ನು ನೇರವಾಗಿ ಅಳೆಯುವ ಪರೀಕ್ಷೆ ಸಾಮಾನ್ಯ ಲ್ಯಾಬುಗಳಲ್ಲಿ ಸಿಗುವುದಿಲ್ಲ, ತಡ ಮಾಡಿದರೆ ಮಿದುಳಿಗೆ ಆಗುವ ಹಾನಿ ಶಾಶ್ವತವಾಗಬಹುದು, ಮದ್ದು ಕೊಟ್ಟರೆ ಅಪಾಯ ಬಹಳ ಕಡಿಮೆ. ಹೀಗಾಗಿ ಮದ್ದಿಗೆ ಬೆಕ್ಕು ಹೇಗೆ ಸ್ಪಂದಿಸುತ್ತದೆ ಎಂಬುದೇ ಬಹುಪಾಲು ರೋಗನಿರ್ಣಯವಾಗುತ್ತದೆ ಎಂದು ಅವರು ವಿವರಿಸಿದರು. ಪೊಟ್ಯಾಸಿಯಂ ಸಹಜ ಮಿತಿಯಲ್ಲಿತ್ತು. ಮರುದಿನವೇ ಚಿನ್ನು ತಲೆ ಎತ್ತಿತು, ಊಟವನ್ನೂ ಮುಟ್ಟಿತು.

ಮೀನು ಬೆಕ್ಕಿನ ಸಹಜ ಆಹಾರ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ, ಆದ್ದರಿಂದ ಇದು ಹೇಗಾಯಿತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದೇಹವು ಸಕ್ಕರೆಯಿಂದ ಶಕ್ತಿ ತೆಗೆಯುವ ಹಾದಿಯ ಮುಖ್ಯ ಕಿಣ್ವಗಳಿಗೆ ಥಯಾಮಿನ್ ಬೇಕೇ ಬೇಕು. ಅದು ಇಲ್ಲವಾದರೆ ಮೊದಲು ಬಳಲುವುದು ಗ್ಲೂಕೋಸನ್ನೇ ನೆಚ್ಚಿಕೊಂಡಿರುವ ಮಿದುಳು. ಅದರಲ್ಲಿಯೂ ದೇಹದ ಸಮತೋಲ ಮತ್ತು ದೃಷ್ಟಿಗೆ ಸಂಬಂಧಿಸಿದ ಒಳಭಾಗಗಳು ಎರಡೂ ಬದಿಗಳಲ್ಲಿ ಏಕಕಾಲಕ್ಕೆ ಕೆಡುತ್ತವೆ. ತೂರಾಟ ಮತ್ತು ಅಗಲವಾದ ಪಾಪೆಗಳಿಗೆ ಅದೇ ಕಾರಣ. ಬೆಕ್ಕಿಗೆ ನಾಯಿಗಿಂತ ಎರಡು ಪಟ್ಟಿಗೂ ಹೆಚ್ಚು ಥಯಾಮಿನ್ ಬೇಕು. ಅಷ್ಟು ಬೇಕಾದರೂ ದೇಹದಲ್ಲಿ ಅದರ ದಾಸ್ತಾನು ತೀರಾ ಕಡಿಮೆ. ಊಟದಲ್ಲಿ ಅದು ಪೂರ್ತಿ ನಿಂತರೆ ಕೆಲವೇ ವಾರಗಳಲ್ಲಿ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ.

ಡಬ್ಬಿಯ ಟ್ಯೂನಾ ಮತ್ತು ಹಸಿ ಮೀನು ಬೇರೆ ಬೇರೆ ರೀತಿಯಲ್ಲಿ ಕೆಡಕು ಮಾಡುತ್ತವೆ, ಚಿನ್ನುವಿನ ಮೇಲೆ ಇವೆರಡೂ ಒಂದರ ಹಿಂದೊಂದು ಬಿದ್ದವು. ಡಬ್ಬಿಯಲ್ಲಿ ಮುಚ್ಚಿದ ಮೀನನ್ನು ಬಹಳ ಹೆಚ್ಚಿನ ಶಾಖದಲ್ಲಿ ಬೇಯಿಸುತ್ತಾರೆ, ಥಯಾಮಿನ್ ಶಾಖಕ್ಕೆ ನಾಶವಾಗುವ ವಸ್ತು. ನೀರಿನಲ್ಲಿಟ್ಟ ಟ್ಯೂನಾದ 100 ಗ್ರಾಂನಲ್ಲಿ ಸುಮಾರು 0.03 ಮಿಲಿಗ್ರಾಂ ಥಯಾಮಿನ್ ಮಾತ್ರ ಇರುತ್ತದೆ. ಅದರ ಮುಕ್ಕಾಲು ಪಾಲು ನೀರೇ ಆದ್ದರಿಂದ, ನೀರನ್ನು ಬಿಟ್ಟು ಲೆಕ್ಕ ಹಾಕಿದರೆ ಒಂದು ಕಿಲೋ ಒಣ ಆಹಾರಕ್ಕೆ ಸುಮಾರು 1.2 ಮಿಲಿಗ್ರಾಂ ಬರುತ್ತದೆ. ಬೆಕ್ಕಿನ ಸಂಪೂರ್ಣ ಆಹಾರಕ್ಕೆ ಅಮೆರಿಕದ ಪಶು ಆಹಾರ ನಿಯಂತ್ರಕರ ಒಕ್ಕೂಟ ನಿಗದಿಪಡಿಸಿದ ಕನಿಷ್ಠ ಪ್ರಮಾಣ ಕಿಲೋಗೆ 5.6 ಮಿಲಿಗ್ರಾಂ. ಅಂದರೆ ಹೊಟ್ಟೆ ತುಂಬ ತಿಂದ ಚಿನ್ನುವಿಗೆ ತಿಂಗಳುಗಟ್ಟಲೆ ಬೇಕಾದುದರ ನಾಲ್ಕನೇ ಒಂದು ಭಾಗವೂ ಸಿಕ್ಕಿರಲಿಲ್ಲ.

ಹಸಿ ಮೀನಿನ ತೊಂದರೆ ಇನ್ನೂ ತೀವ್ರವಾದದ್ದು. ಹಲವು ಜಾತಿಯ ಮೀನುಗಳಲ್ಲಿ ಥಯಾಮಿನೇಸ್ ಎಂಬ ಕಿಣ್ವ ಇರುತ್ತದೆ, ಅದು ಥಯಾಮಿನನ್ನು ತುಂಡರಿಸಿ ಹಾಳು ಮಾಡುತ್ತದೆ. ಕಾರ್ಪ್, ಹೆರಿಂಗ್, ಆಂಚೊವಿ ಮೀನುಗಳಲ್ಲಿ ಇದು ಇದೆ. ಟ್ಯೂನಾದಲ್ಲಿಯೂ ಸ್ಕಿಪ್‌ಜ್ಯಾಕ್ ಮತ್ತು ಯೆಲ್ಲೋಫಿನ್ ಜಾತಿಗಳಲ್ಲಿ ಕಂಡುಬಂದಿದೆ. ಮಾಂಸಕ್ಕಿಂತ ಕರುಳು ಮತ್ತಿತರ ಒಳಾಂಗಗಳಲ್ಲಿ ಇದು ಹೆಚ್ಚು, ಅಂಗಡಿಯಿಂದ ಬರುತ್ತಿದ್ದ ಪೊಟ್ಟಣದಲ್ಲಿ ಇದ್ದದ್ದು ಬಹುಪಾಲು ಅದೇ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಈ ಕಿಣ್ವ ಮೀನಿನಲ್ಲಿರುವ ಥಯಾಮಿನನ್ನು ಮಾತ್ರವಲ್ಲ, ಅದರ ಜೊತೆಗೆ ಬೆರೆಸಿದ ಒಳ್ಳೆಯ ಆಹಾರದಲ್ಲಿರುವುದನ್ನೂ ನಾಶಪಡಿಸುತ್ತದೆ. ಆದ್ದರಿಂದ "ನಾವು ಹಸಿ ಮೀನಿಗೆ ಬೆಕ್ಕಿನ ಕಾಳು ಆಹಾರವನ್ನೂ ಸೇರಿಸುತ್ತೇವೆ" ಎನ್ನುವವರ ಬೆಕ್ಕೂ ಸುರಕ್ಷಿತವಲ್ಲ. ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಿದರೆ ಕಿಣ್ವ ಸಾಯುವುದಿಲ್ಲ. ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ, ಆದರೆ ಆಗ ಥಯಾಮಿನ್ ಸ್ವಲ್ಪ ಶಾಖಕ್ಕೂ, ಸ್ವಲ್ಪ ನೀರಿಗೂ ಹೋಗುತ್ತದೆ. ಆ ನೀರನ್ನು ಚೆಲ್ಲಿದರೆ ಅದೂ ಹೋಯಿತು. ಇದು ಹೊಸ ವಿಷಯವೇನೂ ಅಲ್ಲ. 1930ರ ದಶಕದಲ್ಲಿ ಅಮೆರಿಕದ ಮಿನ್ನೆಸೋಟದ ಚಾಸ್ಟೆಕ್ ಎಂಬವರ ಸಾಕಣೆ ಕೇಂದ್ರದಲ್ಲಿ ಹಸಿ ಕಾರ್ಪ್ ಮೀನು ತಿಂದ ನರಿಗಳು ಹೀಗೆಯೇ ಪಾರ್ಶ್ವವಾಯು ಬಡಿದು ಸತ್ತಾಗ ಈ ಕಾಯಿಲೆಗೆ ಚಾಸ್ಟೆಕ್ ಪಾರ್ಶ್ವವಾಯು ಎಂಬ ಹೆಸರೇ ಬಂತು.

ಥಯಾಮಿನ್ ಒಂದನ್ನು ಮಾತ್ರೆಯಲ್ಲಿ ಕೊಟ್ಟು ಮೀನಿನ ಊಟವನ್ನು ಮುಂದುವರಿಸಬಹುದೇ ಎಂದು ಅತ್ತಿಗೆ ಕೇಳಿದರು. ಬೇಡವೆಂದು ವೈದ್ಯೆ ಹೇಳಿ, ಚಿನ್ನುವಿನ ಹೊಟ್ಟೆ ಮತ್ತು ತೊಡೆಯ ಸಂದಿನ ಕೊಬ್ಬನ್ನು ಬೆರಳಿನಿಂದ ನಿಧಾನವಾಗಿ ಒತ್ತಿ ನೋಡಿದರು. ಟ್ಯೂನಾದಂಥ ಮೀನಿನ ಎಣ್ಣೆಯ ಕೊಬ್ಬು ಬೇಗನೆ ಕೆಡುವ ಜಾತಿಯದು, ಅದನ್ನು ದೇಹದಲ್ಲಿ ಕಾಯಲು ಇ ಜೀವಸತ್ವ ಸಾಕಷ್ಟು ಬೇಕು. ಅದು ಸಾಲದಾದಾಗ ಚರ್ಮದ ಕೆಳಗಿನ ಕೊಬ್ಬು ಉರಿಯೂತಗೊಂಡು ಹಳದಿ ಬಣ್ಣಕ್ಕೆ ತಿರುಗಿ ಗಂಟುಗಂಟಾಗುತ್ತದೆ. ಅಂಥ ಬೆಕ್ಕಿಗೆ ಜ್ವರ ಬರುತ್ತದೆ. ಬೆನ್ನು ಸವರಿದರೂ ನೋವಿನಿಂದ ಕಿರುಚುತ್ತದೆ, ಎತ್ತಿಕೊಳ್ಳಲು ಬಿಡುವುದಿಲ್ಲ. ಮನೆಯವರು ಬೆಕ್ಕಿಗೆ ಸಿಟ್ಟು ಹೆಚ್ಚಾಗಿದೆ ಎಂದೇ ತಿಳಿದುಕೊಂಡಿರುತ್ತಾರೆ. ಚಿನ್ನುವಿಗೆ ಅದು ಬಂದಿರಲಿಲ್ಲ. ಇನ್ನು ಸುಣ್ಣದ ಅಂಶ: ಟ್ಯೂನಾ ಮಾಂಸದಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹತ್ತು ಪಟ್ಟಿನ ಆಸುಪಾಸಿನಲ್ಲಿರುತ್ತದೆ, ಬೆಕ್ಕಿಗೆ ಬೇಕಾದದ್ದು ಎರಡೂ ಹೆಚ್ಚುಕಡಿಮೆ ಸಮ. ಬೆಳೆಯುವ ಮರಿಗೆ ಮುಳ್ಳಿಲ್ಲದ ಮೀನನ್ನೇ ಹಾಕುತ್ತ ಹೋದರೆ ದೇಹ ಮೂಳೆಯಿಂದ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ, ಮರಿ ಕುಂಟತೊಡಗುತ್ತದೆ, ಸಣ್ಣ ಜಿಗಿತಕ್ಕೂ ಕಾಲು ಮುರಿಯಬಹುದು.

ಕೊಳ್ಳುವಾಗ ಪೊಟ್ಟಣದ ಹಿಂಬದಿಯನ್ನು ಓದಿ ಎಂದು ಎಲ್ಲರಲ್ಲಿಯೂ ಕೇಳಿಕೊಳ್ಳುತ್ತೇನೆ. ಬೆಕ್ಕಿನ ಚಿತ್ರವಿದ್ದ ಮಾತ್ರಕ್ಕೆ ಅದು ದಿನದ ಊಟವಾಗುವುದಿಲ್ಲ. "ಕಂಪ್ಲೀಟ್" ಅಥವಾ "ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್" ಎಂದು ಬರೆದಿರುವುದಕ್ಕೆ ಥಯಾಮಿನ್, ಇ ಜೀವಸತ್ವ, ಟಾರೀನ್, ಕ್ಯಾಲ್ಸಿಯಂ ಎಲ್ಲವನ್ನೂ ಲೆಕ್ಕಕ್ಕೆ ತಕ್ಕಂತೆ ಸೇರಿಸಿರುತ್ತಾರೆ; ಅದರ ರುಚಿ ಟ್ಯೂನಾದ್ದೇ ಆಗಿದ್ದರೂ ಅಡ್ಡಿಯಿಲ್ಲ. "ಕಾಂಪ್ಲಿಮೆಂಟರಿ" ಎಂದು ಬರೆದಿರುವ ಟ್ಯೂನಾ ಪೌಚುಗಳು ಮೇಲುತಿಂಡಿ ಮಾತ್ರ. ಬೇಯಿಸಿದ, ಉಪ್ಪು ಹಾಕದ ಮೀನಿನ ಚೂರನ್ನು ಆಗಾಗ ಕೊಡಬಹುದು, ಆದರೆ ಮೇಲುತಿಂಡಿಗಳೆಲ್ಲ ಸೇರಿ ದಿನದ ಆಹಾರದ ಹತ್ತರಲ್ಲಿ ಒಂದು ಪಾಲನ್ನು ಮೀರಬಾರದು.

ಮೀನಿಗೆ ಒಗ್ಗಿಹೋದ ಬೆಕ್ಕನ್ನು ಬಿಡಿಸುವುದು ಸುಲಭವಲ್ಲ, ಹಸಿವಾದರೆ ತಾನೇ ತಿನ್ನುತ್ತದೆ ಎಂದು ಉಪವಾಸ ಕೆಡವುವುದಂತೂ ಅಪಾಯ. ಕೆಲವು ದಿನ ಊಟವಿಲ್ಲದ ಬೆಕ್ಕಿನ, ಅದರಲ್ಲಿಯೂ ದಪ್ಪ ಬೆಕ್ಕಿನ, ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಅದೇ ಪ್ರಾಣಕ್ಕೆ ಎರವಾಗಬಹುದು. ಅತ್ತಿಗೆ ಡಬ್ಬಿಯ ಟ್ಯೂನಾಕ್ಕೆ ಸಂಪೂರ್ಣ ಆಹಾರವನ್ನು ಚಮಚದ ತುದಿಯಷ್ಟು ಬೆರೆಸಿ ಆರಂಭಿಸಿ, ಅದು ತಿಂದ ಮೇಲೆ ಮಾತ್ರ ಪ್ರಮಾಣವನ್ನು ಏರಿಸುತ್ತ, ಆಹಾರವನ್ನು ಸ್ವಲ್ಪ ಬೆಚ್ಚಗೆ ಮಾಡಿ ಕೊಟ್ಟು ವಾರಗಳ ಕಾಲ ಹೆಣಗಿದರು. ಅಷ್ಟು ಕಾಲವೂ ವೈದ್ಯೆ ಬರೆದುಕೊಟ್ಟ ಥಯಾಮಿನ್ ಮಾತ್ರೆ ನಡೆಯುತ್ತಿತ್ತು. ಚಿನ್ನು ಈಗ ಚೆನ್ನಾಗಿ ತಿನ್ನುತ್ತದೆ, ಫಿಟ್ಸ್ ಮತ್ತೆ ಬಂದಿಲ್ಲ. ಆದರೆ ಎತ್ತರಕ್ಕೆ ಹಾರುವಾಗ ಹಿಂಗಾಲು ಇನ್ನೂ ಸ್ವಲ್ಪ ತಪ್ಪುತ್ತದೆ, ಅದು ಪೂರ್ತಿ ಸರಿಹೋಗುತ್ತದೆ ಎಂಬ ಭರವಸೆಯನ್ನು ವೈದ್ಯೆ ಕೊಟ್ಟಿಲ್ಲ.

ನಿಮ್ಮ ಬೆಕ್ಕು ಮೀನನ್ನೇ ತಿನ್ನುತ್ತಿದ್ದು ಊಟ ಬಿಟ್ಟು ಜೊಲ್ಲು ಸುರಿಸುತ್ತಿದ್ದರೆ, ಕುತ್ತಿಗೆ ಬಾಗುವವರೆಗೆ ಕಾಯದೆ ಅಂದೇ ಪಶುವೈದ್ಯರ ಬಳಿಗೆ ಕರೆದೊಯ್ಯಿರಿ. ಅವರು ಕೇಳದಿದ್ದರೂ ಅದು ಏನು ತಿನ್ನುತ್ತದೆ, ಹಸಿಯೋ ಬೇಯಿಸಿದ್ದೋ, ಎಷ್ಟು ಕಾಲದಿಂದ ಎಂಬುದನ್ನು ನೀವಾಗಿಯೇ ಮೊದಲು ಹೇಳಿ, ಥಯಾಮಿನ್ ಕೊರತೆ ಇರಬಹುದೇ ಎಂದು ಹೆಸರು ಹಿಡಿದು ಕೇಳಿ.