ಹೆಂಡತಿ ಹೆಸರಲ್ಲಿ ಎಫ್‌ಡಿ ಇಟ್ಟು 15ಜಿ ಕೊಟ್ಟಿರೋರು ದಯವಿಟ್ಟು ಇದನ್ನ ಓದಿ

ಕಳೆದ ನವೆಂಬರ್‌ನಲ್ಲಿ ಒಂದಿನ ಸಂಜೆ ನನ್ನ ಹೆಂಡತಿ ಫೋನ್ ಹಿಡ್ಕೊಂಡು ಬಂದು "ರೀ, ಇನ್‌ಕಮ್ ಟ್ಯಾಕ್ಸ್‌ನಿಂದ ಮೆಸೇಜ್ ಬಂದಿದೆ, ನಾನ್ಯಾಕೆ ರಿಟರ್ನ್ ಹಾಕಿಲ್ಲ ಅಂತ ಕೇಳ್ತಿದ್ದಾರೆ, ಇದೇನು ಫ್ರಾಡಾ" ಅಂದ್ಲು. ನಾನೂ ಮೊದಲು ಫ್ರಾಡ್ ಅಂತಲೇ ಅಂದ್ಕೊಂಡೆ. ಮೆಸೇಜಲ್ಲಿದ್ದ ಲಿಂಕ್ ಮುಟ್ಟದೆ ಅವಳ ಪ್ಯಾನ್ ನಂಬರಲ್ಲಿ ಪೋರ್ಟಲ್‌ಗೇ ಲಾಗಿನ್ ಆಗಿ ಎಐಎಸ್, ಅಂದ್ರೆ ಅವಳ ಬಗ್ಗೆ ಇಲಾಖೆ ಹತ್ರ ಇರೋ ಮಾಹಿತಿ ಪಟ್ಟಿ, ತೆಗೆದು ನೋಡಿದ್ರೆ ಎಲ್ಲಾ ಅಲ್ಲಿ ಕೂತಿತ್ತು, 20 ಲಕ್ಷ ಡೆಪಾಸಿಟ್, ವರ್ಷಕ್ಕೆ 1,40,000 ಬಡ್ಡಿ, ಎಲ್ಲಾ.

ಹಿನ್ನೆಲೆ ಹೇಳ್ತೀನಿ. 2023ರ ಶುರುವಲ್ಲಿ ದಾವಣಗೆರೆಲಿದ್ದ ನನ್ನ ಸೈಟ್ ಮಾರಿದೆ. ಅದರ ತೆರಿಗೆ ಕಟ್ಟಿ ಉಳಿದಿದ್ದರಲ್ಲಿ 20 ಲಕ್ಷ ಎಫ್‌ಡಿ ಇಡೋಣ ಅಂತ ಬ್ಯಾಂಕಿಗೆ ಹೋದೆ. ನನ್ನ ಸಂಬಳ ವರ್ಷಕ್ಕೆ 19 ಲಕ್ಷದ ಹತ್ತಿರ, ಆಗಿನ ಲೆಕ್ಕದಲ್ಲಿ 30 ಪರ್ಸೆಂಟ್ ಸ್ಲ್ಯಾಬು. ಕೌಂಟರಲ್ಲಿ ಇದ್ದವರು "ಸರ್, ನಿಮ್ಮ ಹೆಸರಲ್ಲಿ ಯಾಕೆ, ಮೇಡಂಗೆ ಕೆಲಸ ಇಲ್ವಲ್ಲ, ಅವರ ಹೆಸರಲ್ಲಿ ಹಾಕಿ 15ಜಿ ಕೊಟ್ಬಿಡಿ, ಟಿಡಿಎಸ್ಸೂ ಇಲ್ಲ ಟ್ಯಾಕ್ಸೂ ಇಲ್ಲ" ಅಂದ್ರು. 15ಜಿ ಅಂದ್ರೆ ನನ್ನ ಆದಾಯಕ್ಕೆ ತೆರಿಗೆ ಬೀಳಲ್ಲ, ಟಿಡಿಎಸ್ ಕಟ್ ಮಾಡಬೇಡಿ ಅಂತ ಬ್ಯಾಂಕಿಗೆ ಬರೆದುಕೊಡೋ ಘೋಷಣೆ. ಆಫೀಸಲ್ಲೂ ನಾಲ್ಕು ಜನ ಹೀಗೇ ಮಾಡಿದ್ರು. ಗಂಡ ಹೆಂಡತಿಗೆ ಕೊಟ್ಟ ಗಿಫ್ಟ್‌ಗೆ ಟ್ಯಾಕ್ಸ್ ಇಲ್ಲ ಅಂತ ನಾನೂ ಎಲ್ಲೋ ಓದಿದ್ದೆ. ಏಪ್ರಿಲಲ್ಲಿ ನನ್ನ ಖಾತೆಯಿಂದ ಅವಳ ಖಾತೆಗೆ 20 ಲಕ್ಷ ಹಾಕಿ, 7 ಪರ್ಸೆಂಟ್‌ಗೆ ಎಫ್‌ಡಿ ಮಾಡಿಸಿ, ಅವಳ ಕೈಲಿ 15ಜಿ ಸೈನ್ ಮಾಡಿಸಿ ಬಂದೆ. ಮೂರು ತಿಂಗಳಿಗೊಮ್ಮೆ 35,000 ಬಡ್ಡಿ ಅವಳ ಖಾತೆಗೆ ಬೀಳ್ತಿತ್ತು, ಅವಳು ಅದರಲ್ಲಿ ತಿಂಗಳಿಗೆ 10,000 ಆರ್‌ಡಿ ಕಟ್ತಿದ್ಲು.

ನಾನು ಓದಿದ್ದು ಅರ್ಧ ಸತ್ಯ, ನಾನು ಸಿಕ್ಕಿಹಾಕ್ಕೊಂಡಿದ್ದು ಅಲ್ಲೇ. ಗಿಫ್ಟ್‌ ಪಡೆದ ಹೆಂಡತಿಗೆ ಆ 20 ಲಕ್ಷದ ಮೇಲೆ ಟ್ಯಾಕ್ಸ್ ಇಲ್ಲ ಅನ್ನೋದು ನಿಜ. ಆದ್ರೆ ಆ ದುಡ್ಡಿಂದ ಬರೋ ಆದಾಯ ಇದೆಯಲ್ಲ, ಬಡ್ಡಿ, ಡಿವಿಡೆಂಡ್, ಷೇರು ಮಾರಿದ ಲಾಭ ಯಾವುದೇ ಆಗ್ಲಿ, ಅದು ಕಾನೂನಿನ ಲೆಕ್ಕದಲ್ಲಿ ಕೊಟ್ಟವರ ಆದಾಯಕ್ಕೇ ಸೇರುತ್ತೆ. ಇದಕ್ಕೆ ಕ್ಲಬ್ಬಿಂಗ್ ಅಂತಾರೆ, 1961ರ ಕಾಯ್ದೆಲಿ ಸೆಕ್ಷನ್ 64. ಈಗ 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂದು ಸೆಕ್ಷನ್, ಫಾರಂ ನಂಬರುಗಳು ಬದಲಾಗಿವೆ, ಈ ನಿಯಮ ಹಾಗೇ ಇದೆ. ಗಂಡ ಹೆಂಡತಿಗೆ ಕೊಟ್ರೂ, ಹೆಂಡತಿ ಗಂಡನಿಗೆ ಕೊಟ್ರೂ, ಅತ್ತೆ ಮಾವ ಸೊಸೆಗೆ ಕೊಟ್ರೂ ಅಷ್ಟೇ, ಸರಿಯಾದ ಬೆಲೆ ಪಡೀದೆ ಕೊಟ್ಟಿದ್ದಾದ್ರೆ ಆದಾಯ ಕೊಟ್ಟವರ ತಲೆಗೇ ಬರುತ್ತೆ.

ಇಲಾಖೆಗೆ ಹೇಗೆ ಗೊತ್ತಾಯ್ತು ಅಂತ ನಮ್ಮಕ್ಕ ಕೇಳಿದ್ಲು. ಒಬ್ಬರ ಹೆಸರಲ್ಲಿ ವರ್ಷಕ್ಕೆ 10 ಲಕ್ಷ ಅಥವಾ ಜಾಸ್ತಿ ಎಫ್‌ಡಿ ಆದ್ರೆ ಬ್ಯಾಂಕ್ ಅದನ್ನ ಇಲಾಖೆಗೆ ರಿಪೋರ್ಟ್ ಮಾಡಲೇಬೇಕು, ಬಡ್ಡಿನೂ ಪ್ಯಾನ್ ಪ್ರಕಾರ ಹೋಗುತ್ತೆ, ಕೊಟ್ಟ 15ಜಿ ವಿವರನೂ ಹೋಗುತ್ತೆ. 15ಜಿ ಕೊಟ್ರೆ ಟಿಡಿಎಸ್ ನಿಲ್ಲುತ್ತೆ ಅಷ್ಟೇ, ಮಾಹಿತಿ ನಿಲ್ಲಲ್ಲ. ರಿಟರ್ನೇ ಹಾಕದ ಒಬ್ಬ ಗೃಹಿಣಿ ಹೆಸರಲ್ಲಿ 20 ಲಕ್ಷ ಕಂಡ್ರೆ ಇದು ಎಲ್ಲಿಂದ ಬಂತು ಅಂತ ಕೇಳೇ ಕೇಳ್ತಾರೆ. ಆಗ "ಗಂಡ ಕೊಟ್ರು" ಅನ್ನೋದೇ ನಿಜವಾದ ಉತ್ತರ, ಆ ಉತ್ತರ ಬರೆದ ತಕ್ಷಣ ಬಡ್ಡಿ ನನ್ನದಾಯ್ತು.

ಆಡಿಟರ್ ಹತ್ರ ಹೋದೆ. ಅವರು ಬೈಲಿಲ್ಲ, ಪೇಪರ್ ತಗೊಂಡು ಲೆಕ್ಕ ಬರೆದ್ರು. 1,40,000ಕ್ಕೆ 30 ಪರ್ಸೆಂಟ್ ಪ್ಲಸ್ ಸೆಸ್ ಸೇರಿ ವರ್ಷಕ್ಕೆ 43,680 ತೆರಿಗೆ. 2024-25ರ ರಿಟರ್ನ್‌ಗೆ ಡಿಸೆಂಬರ್ 31ರವರೆಗೆ ತಿದ್ದುಪಡಿ ಮಾಡೋ ಅವಕಾಶ ಇನ್ನೂ ಇತ್ತು, ಹಾಗಾಗಿ ರಿವೈಸ್ಡ್ ರಿಟರ್ನ್ ಹಾಕಿದ್ವಿ, ತಿಂಗಳಿಗೆ 1 ಪರ್ಸೆಂಟ್ ಲೆಕ್ಕದಲ್ಲಿ ಬಡ್ಡಿ ಸೇರಿ ಹತ್ತಿರ ಹತ್ತಿರ 50,000 ಆಯ್ತು. 2023-24ರದ್ದು ಕಷ್ಟ ಆಗಿದ್ದು. ಅದಕ್ಕೆ ರಿವೈಸ್ ಮಾಡೋ ಗಡುವು ಮುಗಿದುಹೋಗಿತ್ತು, ಉಳಿದಿದ್ದು ಐಟಿಆರ್-ಯು ಅನ್ನೋ ಅಪ್‌ಡೇಟೆಡ್ ರಿಟರ್ನ್ ಒಂದೇ. ಅದರಲ್ಲಿ ತೆರಿಗೆ 43,680, ಅದರ ಮೇಲೆ 21 ತಿಂಗಳ ಬಡ್ಡಿ, ಅಡ್ವಾನ್ಸ್ ಟ್ಯಾಕ್ಸ್ ಕಂತು ಕಟ್ಟದೇ ಇದ್ದಿದ್ದಕ್ಕೆ ಇನ್ನೊಂದಿಷ್ಟು, ಇದೆಲ್ಲಾ ಸೇರಿ 55,000 ಆಯ್ತಲ್ಲ, ಆ ಒಟ್ಟು ಮೊತ್ತದ ಮೇಲೆ ಮತ್ತೆ 25 ಪರ್ಸೆಂಟ್ ಹೆಚ್ಚುವರಿ ತೆರಿಗೆ. 68,000 ದಾಟಿತು. ಎರಡೂ ವರ್ಷಕ್ಕೆ 87,000 ಚಿಲ್ಲರೆಲಿ ಮುಗೀಬೇಕಿದ್ದದ್ದು 1,18,000 ಮೇಲೆ ಹೋಯ್ತು. ನಾವಾಗೇ ಹಾಕಿದ್ದಕ್ಕೆ ಇಷ್ಟರಲ್ಲಿ ನಿಂತಿತು. ಇನ್ನೂ ಒಂದು ವರ್ಷ ತಡ ಮಾಡಿದ್ರೆ ಆ 25 ಪರ್ಸೆಂಟು 50 ಆಗ್ತಿತ್ತು, ಅವರೇ ಅಸೆಸ್‌ಮೆಂಟಿಗೆ ತಗೊಂಡಿದ್ರೆ ಕಡಿಮೆ ಆದಾಯ ತೋರಿಸಿದ್ದಕ್ಕೆ ದಂಡ ಬೇರೆ.

ನನಗೆ ದುಡ್ಡಿಗಿಂತ ಜಾಸ್ತಿ ಬೇಜಾರಾಗಿದ್ದು 15ಜಿ ವಿಷಯಕ್ಕೆ. ಅದು ಅವಳ ಹೆಸರಲ್ಲಿ, ಅವಳ ಸಹಿ ಇರೋ ಘೋಷಣೆ. ಸುಳ್ಳು ಘೋಷಣೆ ಅಂತ ಪ್ರಶ್ನೆ ಬಂದ್ರೆ ಉತ್ತರ ಕೊಡಬೇಕಾದವಳು ಅವಳು, ನಾನಲ್ಲ. ನಾನು ಹೇಳಿದೆ, ಅವಳು ನಂಬಿ ಸೈನ್ ಮಾಡಿದ್ಲು. ಸರಿಯಾದ ದಾರಿ ಏನಿತ್ತು ಅಂದ್ರೆ 15ಜಿ ಕೊಡದೇ ಟಿಡಿಎಸ್ ಕಟ್ ಆಗೋಕೆ ಬಿಡೋದು, ನನ್ನ ರಿಟರ್ನಲ್ಲಿ ಆ ಬಡ್ಡಿ ತೋರಿಸೋದು, ಟಿಡಿಎಸ್ ವಿವರ ಕೊಡೋ ಜಾಗದಲ್ಲಿ ಹೆಂಡತಿ ಪ್ಯಾನ್ ಹಾಕಿ ಅವಳ ಹೆಸರಲ್ಲಿ ಕಟ್ ಆದ ಟಿಡಿಎಸ್ಸನ್ನ ನಾನು ಕ್ಲೇಮ್ ಮಾಡೋದು. ಅದಕ್ಕೆ ಫಾರಂನಲ್ಲೇ ಕಾಲಂ ಇದೆ, ಬ್ಯಾಂಕಿಗೂ ಅವಳು ಒಂದು ಡಿಕ್ಲರೇಷನ್ ಕೊಡಬೇಕು.

ಒಂದು ಸಮಾಧಾನದ ವಿಷಯ ಅಂದ್ರೆ ಅವಳ ಆರ್‌ಡಿ. ಎಫ್‌ಡಿ ಬಡ್ಡಿ ನನ್ನ ಆದಾಯ, ಆದ್ರೆ ಆ ಬಡ್ಡಿನ ಅವಳು ಮತ್ತೆ ಹೂಡಿದಾಗ ಅದರಿಂದ ಹುಟ್ಟಿದ ಬಡ್ಡಿ ಅವಳದೇ, ನನಗೆ ಸೇರಲ್ಲ. ಹಾಗಾಗಿ ಮೂಲ ದುಡ್ಡಿನ ಲೆಕ್ಕ ಒಂದು ಖಾತೇಲಿ, ಬಡ್ಡಿ ಮೇಲೆ ಬೆಳೆದಿದ್ದರ ಲೆಕ್ಕ ಇನ್ನೊಂದು ಖಾತೇಲಿ ಇಡಿ, ಹತ್ತು ವರ್ಷ ಆದ್ಮೇಲೆ ಯಾವುದು ಯಾವುದು ಅಂತ ಬಿಡಿಸೋಕೆ ಆಗಲ್ಲ. ಅವಳ ದುಡಿಮೆ ದುಡ್ಡು, ಅವಳ ತವರಿಂದ ಬಂದಿದ್ದು ಇವೆಲ್ಲ ಅವಳದೇ, ಅದನ್ನ ನನ್ನ ದುಡ್ಡಿನ ಜೊತೆ ಒಂದೇ ಎಫ್‌ಡಿಗೆ ಬೆರೆಸಬೇಡಿ.

ಈಗ ನಾವು ಏನು ಮಾಡಿದ್ವಿ ಅಂತ ಹೇಳ್ತೀನಿ. ಕ್ಲಬ್ಬಿಂಗ್ ನಿಯಮದ ಪಟ್ಟಿಲಿ ಗಂಡ ಹೆಂಡತಿ ಇದ್ದಾರೆ, ಸೊಸೆ ಇದ್ದಾಳೆ, 18 ತುಂಬದ ಮಕ್ಕಳಿದ್ದಾರೆ. ಅಪ್ಪ ಅಮ್ಮ ಇಲ್ಲ, 18 ದಾಟಿದ ಮಕ್ಕಳೂ ಇಲ್ಲ. ಅಂದ್ರೆ ಮಗ ಅಮ್ಮನಿಗೆ ನಿಜವಾಗ್ಲೂ ದುಡ್ಡು ಕೊಟ್ರೆ ಅದರ ಬಡ್ಡಿ ಅಮ್ಮನ ಆದಾಯ. ಅಮ್ಮನಿಗೆ 64 ವರ್ಷ, ಬೇರೆ ಆದಾಯ ಇಲ್ಲ, ನಾನು ಪ್ರತಿ ತಿಂಗಳು ತೆರಿಗೆ ಕಟ್ಟಿದ ಸಂಬಳದಿಂದ 12,000 ಕಳಿಸ್ತಿದ್ದೆ. ಡಿಸೆಂಬರಲ್ಲಿ ಎಫ್‌ಡಿ ಮುರಿಸಿದ್ವಿ, ಬಡ್ಡಿ ಸ್ವಲ್ಪ ಕಡಿಮೆ ಬಂತು, ಪರವಾಗಿಲ್ಲ. ಹೆಂಡತಿ ಖಾತೆಯಿಂದ ಅಮ್ಮನ ಖಾತೆಗೆ ಆರ್‌ಟಿಜಿಎಸ್, ಜೊತೆಗೆ ಒಂದು ಗಿಫ್ಟ್ ಲೆಟರ್. ಅಮ್ಮ ಅದನ್ನ ಪೋಸ್ಟಾಫೀಸಲ್ಲಿ ಸೀನಿಯರ್ ಸಿಟಿಜನ್ ಸ್ಕೀಮಿಗೆ ಹಾಕಿದ್ರು, 30 ಲಕ್ಷದವರೆಗೆ ಇಡಬಹುದು, ಆಗ ದರ 8.2 ಪರ್ಸೆಂಟ್. ಮೂರು ತಿಂಗಳಿಗೆ 41,000 ಅವರಿಗೇ ಬರುತ್ತೆ. ವರ್ಷಕ್ಕೆ 1,64,000, ಅವರಿಗೆ ತೆರಿಗೆ ಬೀಳಲ್ಲ, ಅವರು ಕೊಟ್ಟ 15ಎಚ್, ಅಂದ್ರೆ ಹಿರಿಯ ನಾಗರಿಕರ 15ಜಿ, ನಿಜವಾದ 15ಎಚ್. ನಾನು ತಿಂಗಳು ತಿಂಗಳು ಕಳಿಸೋದು ನಿಂತಿತು.

ಆದ್ರೆ ಇಲ್ಲೂ ಹಳ್ಳ ಇದೆ. ಲೆಟರಲ್ಲಿ "ಬೇಕಾದಾಗ ವಾಪಸ್ ಕೊಡಬೇಕು" ಅಂತ ನಾನು ಮೊದಲು ಬರೆದಿದ್ದೆ, ಆಡಿಟರ್ ಅದರ ಮೇಲೆ ಗೀಟು ಎಳೆದ್ರು. ಹಾಗೆ ಬರೆದ್ರೆ ಅದು ಹಿಂಪಡೆಯಬಹುದಾದ ವರ್ಗಾವಣೆ ಆಗುತ್ತೆ, ಆದಾಯ ಮತ್ತೆ ಕೊಟ್ಟವರ ಲೆಕ್ಕಕ್ಕೇ ಸೇರುತ್ತೆ. ಕೊಟ್ಟ ಮೇಲೆ ಅದು ಅಮ್ಮನದು ಅಷ್ಟೇ. ನಾಳೆ ವಿಲ್ ಇಲ್ದೇ ಅಮ್ಮ ಹೋದ್ರೆ ಆ ದುಡ್ಡಲ್ಲಿ ಅಪ್ಪನಿಗೆ, ನನಗೆ, ಅಕ್ಕನಿಗೆ ಮೂರೂ ಜನಕ್ಕೆ ಪಾಲು, ನಾಮಿನಿ ಆದ ಮಾತ್ರಕ್ಕೆ ನಾಮಿನಿದೇ ಆಗ್ಬಿಡಲ್ಲ. ಅದಕ್ಕೇ ದುಡ್ಡು ಹಾಕೋ ಮೊದಲೇ ಅಕ್ಕನ್ನ ಕೂರಿಸ್ಕೊಂಡು ಹೇಳಿದೆ. ಅವಳು "ಅಮ್ಮನ ದುಡ್ಡು ಅಮ್ಮ ಏನು ಬರೀತಾಳೋ ಅದು, ನನ್ನ ಮುಂದೆ ಹೇಳಿದ್ದು ಒಳ್ಳೇದಾಯ್ತು" ಅಂದ್ಲು. ಈ ಮಾತು ಆಡೋಕೆ ಆಗದ ಮನೆಗಳಲ್ಲಿ ಈ ದಾರಿ ಹಿಡೀಬೇಡಿ.

ಇನ್ನೊಂದು, ನಮ್ಮ ಪರಿಚಯದವರೊಬ್ಬರು "ನೀನು ಅಮ್ಮನಿಗೆ ಕೊಡು, ಅಪ್ಪ ನಿನ್ನ ಹೆಂಡತಿಗೆ ಅಷ್ಟೇ ಕೊಡ್ಲಿ, ಸುತ್ತಿ ಬಂದ್ರೆ ಕ್ಲಬ್ಬಿಂಗ್ ಇಲ್ಲ" ಅಂದ್ರು. ಮಾಡ್ಬೇಡಿ. ನೇರವಾಗಿ ಕೊಟ್ರೂ ಸುತ್ತಿ ಕೊಟ್ರೂ ಒಂದೇ ಅಂತ ಕಾನೂನಲ್ಲೇ ಇದೆ, ಈ ಥರ ಅದಲು ಬದಲು ಮಾಡಿದ್ದು ನಡೆಯಲ್ಲ ಅಂತ 1963ರಲ್ಲೇ ಸುಪ್ರೀಂ ಕೋರ್ಟ್ ಕೊಠಾರಿ ಕೇಸಲ್ಲಿ ಹೇಳಿದೆ.

ಹೆಂಡತಿ ಹೆಸರಲ್ಲೇ ಏನಾದ್ರೂ ಬೆಳೀಬೇಕು ಅನ್ನೋದು ನನಗೆ ಈಗಲೂ ಇದೆ. ಅದಕ್ಕೆ ಅವಳ ಪಿಪಿಎಫ್‌ಗೆ ವರ್ಷಕ್ಕೆ 1,50,000 ಹಾಕ್ತಿದ್ದೀನಿ. ಅದರ ಬಡ್ಡಿಗೆ ತೆರಿಗೆನೇ ಇಲ್ಲ, ನನ್ನ ಆದಾಯಕ್ಕೆ ಸೇರಿಸಿದ್ರೂ ಕಟ್ಟೋದು ಏನೂ ಇಲ್ಲ. ಸಾಲವಾಗಿ ಕೊಡೋ ದಾರಿನೂ ಇದೆ, ಆದ್ರೆ ಪತ್ರ ಇರಬೇಕು, ಮಾರುಕಟ್ಟೆ ದರಕ್ಕೆ ಹತ್ತಿರದ ಬಡ್ಡಿ ಅವಳು ಬ್ಯಾಂಕ್ ಮೂಲಕ ನಿಜವಾಗ್ಲೂ ಕಟ್ಟಬೇಕು, ಆ ಬಡ್ಡಿಗೆ ನಾನು ತೆರಿಗೆ ಕಟ್ಟಬೇಕು. ಎಫ್‌ಡಿ ಮಟ್ಟದ ಆದಾಯಕ್ಕೆ ಅದರಲ್ಲಿ ಏನೂ ಉಳಿಯಲ್ಲ ಅಂತ ನಾವು ಬಿಟ್ವಿ.

ನಿಮ್ಮನೇಲೂ ಹೆಂಡತಿ ಹೆಸರಲ್ಲಿ ನಿಮ್ಮ ದುಡ್ಡಿನ ಎಫ್‌ಡಿ ಇದ್ರೆ ಇವತ್ತೇ ಅವರ ಲಾಗಿನ್‌ನಲ್ಲಿ ಎಐಎಸ್ ತೆಗೆದು ಬಡ್ಡಿ ಕಾಲಂ ನೋಡಿ, ಅಲ್ಲಿರೋ ಮೊತ್ತ ನಿಮ್ಮ ರಿಟರ್ನಲ್ಲಿ ಬಂದಿದೆಯಾ ಅಂತ ತಾಳೆ ಹಾಕಿ, ಇಲ್ಲ ಅಂದ್ರೆ ಮಾರ್ಚ್ 31 ಇನ್ನೊಂದು ದಾಟೋಕೆ ಮುಂಚೆ ಆಡಿಟರ್ ಹತ್ರ ಹೋಗಿ. ಮತ್ತೆ 15ಜಿ ಥರದ ಘೋಷಣೆ ಫಾರಂ ಮನೆಗೆ ತಂದು ಅವರ ಮುಂದೆ ಇಟ್ಟು ಸೈನ್ ಹಾಕು ಅನ್ನಬೇಡಿ.